ಸೂಜಿ ಕಾಣದ ಟಿಕ್

ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ನಮ್ಮೂರು ಬಾಡದಲ್ಲಿ ಆಶಾ ಕಾರ್ಯಕರ್ತೆಯಾಗಿ ಹದಿನಾಲ್ಕು ವರ್ಷವಾಯಿತು. ಈ ಬಾಯಿ ಇಲ್ಲದಿದ್ದರೆ ಗುರುವಾರದ ಚುಚ್ಚುಮದ್ದಿಗೆ ಅರ್ಧ ಮಕ್ಕಳೂ ಬರುತ್ತಿರಲಿಲ್ಲ. ಅಂಥವಳು ಒಂದು ಬೆಳಿಗ್ಗೆ ಆರು ವರ್ಷದ ಹುಡುಗಿಯ ಗಂಟಲಿಗೆ ಟಾರ್ಚ್ ಹಿಡಿದು ಮೂಕಳಾಗಿ ಕೂತೆ.

ಹುಡುಗಿ ಅಂಕಿತಾ, ಗಂಗಜ್ಜಿಯ ಮೊಮ್ಮಗಳು. ಗಂಗಜ್ಜಿ ನಾಟಿ ಗದ್ದೆಯಲ್ಲಿ ಹಾಡು ಎತ್ತಿದರೆ ಬದುವಿನ ಮೇಲೆ ಕೂತು ಸೊಲ್ಲು ಸೇರಿಸುವವಳು ಇವಳೇ. ಅಂಥ ಹುಡುಗಿಯ ಸ್ವರ ಮೂರು ದಿನದಿಂದ ಕಟ್ಟಿತ್ತು. ಸಣ್ಣ ಜ್ವರ, ಊಟ ಬೇಡ. ನಾನು ಅಂಗಳಕ್ಕೆ ಕಾಲಿಟ್ಟಾಗ ಗಂಗಜ್ಜಿ ತೋರುಬೆರಳಿಗೆ ಬಟ್ಟೆ ಸುತ್ತಿ ಉಪ್ಪು ಅರಿಶಿನದಲ್ಲಿ ಅದ್ದುತ್ತಿದ್ದಳು.

"ಎಂತ ಮಾಡ್ತೆ ಅಜ್ಜಿ?"

"ಗಂಟ್ಲಲ್ಲಿ ಎಂತದೋ ಬೂಷ್ಟು ಹಿಡದದೆ ತಂಗಿ. ಒರ್ಸಿ ತೆಗದ್ರೆ ಆತು."

"ಬೆರಳು ಹಾಕಿದ್ರೆ ನೋಡು ಮತ್ತೆ!" ಎಂದು ಕೂಗಿ, ಮಗುವನ್ನು ಬೆಳಕಿಗೆ ಎಳೆದುಕೊಂಡೆ.

ಕುತ್ತಿಗೆ ಎರಡೂ ಕಡೆ ಊದಿತ್ತು. ಬಾಯಿ ತೆರೆದ ಕೂಡಲೇ ಕೊಳೆತ ವಾಸನೆ ಮೂಗಿಗೆ ಹೊಡೆಯಿತು. ಒಳಗೆ, ಒಂದು ಟಾನ್ಸಿಲ್ಲಿನಿಂದ ಕಿರುನಾಲಿಗೆಯವರೆಗೆ, ಬೂದು ಬಣ್ಣದ ಒಂದು ಪೊರೆ. ಕಾದ ಹಾಲಿನ ಕೆನೆಯ ಹಾಗೆ ದಪ್ಪ, ಆದರೆ ಹೊಲಸು. ತರಬೇತಿಯಲ್ಲಿ ಚಿತ್ರ ತೋರಿಸಿದ್ದರು. ಗಂಟಲುಮಾರಿ, ಡಾಕ್ಟರುಗಳ ಬಾಯಲ್ಲಿ ಡಿಫ್ತೀರಿಯಾ. ಚಿತ್ರದಲ್ಲಿದ್ದದ್ದು ಉಸಿರಾಡುವ ಮಗುವಿನೊಳಗೆ ಕೂತಿತ್ತು.

ಮಗುವಿನ ತಾಯಿ ಸುಚಿತಾ ಕೆಲಸಕ್ಕೆ ಹೋಗಿದ್ದಳು. ಅವಳಿಗೆ ಫೋನ್ ಮಾಡಿ, ರಿಕ್ಷಾ ಹಿಡಿದು, ಅಜ್ಜಿ ಮೊಮ್ಮಗಳನ್ನು ಕೂರಿಸಿಕೊಂಡು ಪೇಟೆಗೆ ಹೊರಟೆ. ಅಲ್ಲಿ ಚಿಕ್ಕ ಪ್ರಾಯದ ಡಾಕ್ಟರು ಸುಹಾಸ ಅವರ ದವಾಖಾನೆ ಹತ್ತಿರವಿತ್ತು. ಅವರು ಎಲ್ಲರಿಗೂ ಮಾಸ್ಕ್ ಕೊಟ್ಟು, ಗಂಟಲು ನೋಡಿ ಹುಬ್ಬು ಗಂಟಿಕ್ಕಿದರು.

"ಲಸಿಕೆ ಬರೆಯೋ ತಾಯಿ ಕಾರ್ಡ್ ಎಲ್ಲಿ?"

"ಕಾಗಾಲದಲ್ಲದೆ," ಎಂದಳು ಗಂಗಜ್ಜಿ. ಕಾಗಾಲ ಸುಚಿತಾಳ ತವರು.

"ನಿಮ್ಮ ರಿಜಿಸ್ಟರಲ್ಲಿ ನೋಡಿ ಹೇಳಿ."

ಚೀಲದಿಂದ ರಿಜಿಸ್ಟರ್ ತೆಗೆದೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನ ಮೂರು ಡೋಸು, ಎದುರಿಗೆ ಟಿಕ್. ಒಂದೂವರೆ ವರ್ಷದ ಬೂಸ್ಟರ್, ಟಿಕ್. ಐದು ವರ್ಷದ ಬೂಸ್ಟರ್, ಟಿಕ್. ಎಲ್ಲ ನನ್ನದೇ ನೀಲಿ ಪೆನ್ನು.

ಡಾಕ್ಟರ ಮುಖ ಸಡಿಲವಾಯಿತು. "ಐದೂ ಆಗಿದೆ ಅಂದ್ರೆ ಬೇರೆ ಸೋಂಕಿರಬಹುದು. ಗಂಟಲಿನ ಸ್ಯಾಂಪಲ್ ಕಳಿಸ್ತೇನೆ, ಔಷಧ ಶುರು ಮಾಡೋಣ, ನಾಳೆ ಕರ್ಕೊಂಡು ಬನ್ನಿ."

ನಾಳೆ. ಅಂಕಿತಾ ನನ್ನ ಸೆರಗು ಹಿಡಿದಿದ್ದಳು. ಉಸಿರು ಎಳೆದಾಗಲೆಲ್ಲ ಗಂಟಲಲ್ಲಿ ಗೊರ ಗೊರ ಎನ್ನುತ್ತಿತ್ತು. ನಾನು ಗಂಗಜ್ಜಿಯ ಮುಖ ನೋಡಿದೆ. ಅವಳು ನೆಲ ನೋಡಿದಳು. ಇಡೀ ಊರನ್ನು ಬೈಯುವ ನಾಲಿಗೆ ಮಾರಾಯ್ರೇ, ಈಗ ನನ್ನ ಮೇಲೇ ತಿರುಗಬೇಕಿತ್ತು!

"ಡಾಕ್ಟ್ರೇ, ಕಡೆಯ ಎರಡು ಟಿಕ್ ಸುಳ್ಳು," ಎಂದೆ. "ನಾನು ಕಾರ್ಡ್ ನೋಡಿಲ್ಲ. ಸೂಜಿ ಹಾಕಿದ್ದೂ ನೋಡಿಲ್ಲ. ಕಾಗಾಲದಲ್ಲಿ ಹಾಕ್ಸಿ ಆತು ಅಂದ್ರು, ನಾನು ಗೀಚಿದೆ. ಅಲ್ಲಿಯವರು ಬಾಡದಲ್ಲಿ ಆಗಿರ್ತದೆ ಅಂತ ಬಿಟ್ಟಿರ್ತಾರೆ."

ಗಂಗಜ್ಜಿಯ ಬಾಯಿಂದ ಅಳು ಹೊರಟಿತು. "ಹಾಕ್ಸಲೇ ಇಲ್ಲ ಡಾಕ್ಟ್ರೆ. ಮೂರನೇ ಸೂಜಿಗೆ ಕೂಸಿಗೆ ರಾತ್ರಿಯಿಡೀ ಜ್ವರ ಬಂತು. ನಂಗೆ ನೋಡೂಕೆ ಆಗ್ಲಿಲ್ಲ. ಗುರ್ವಾರ ಬಂದ್ರೆ ಕಾಗಾಲಕ್ಕೆ ಕರ್ಕಂಡು ಓಡ್ತಿದ್ದೆ. ಸುಳ್ಳು ಹೇಳದ್ದು ನಾನು. ಸೊಸೆಗೂ ಗೊತ್ತಿಲ್ಲ."

ಡಾಕ್ಟರು ಒಂದು ಮಾತೂ ಬೈಯಲಿಲ್ಲ. ಮತ್ತೆ ಟಾರ್ಚ್ ಹಿಡಿದು ಪೊರೆಯ ಅಂಚನ್ನು ಹತ್ತಿಯಿಂದ ಮೆಲ್ಲಗೆ ಮುಟ್ಟಿದರು. ಅದು ಏಳಲಿಲ್ಲ, ಅಂಚಿನಲ್ಲಿ ರಕ್ತ ಜಿನುಗಿತು. ತಕ್ಷಣ ಕೈ ತೆಗೆದು ಫೋನ್ ಎತ್ತಿದರು. ದಕ್ಷಿಣದ ದೊಡ್ಡ ಆಸ್ಪತ್ರೆಯಲ್ಲಿ ಸೀರಮ್ ಇದೆ ಎಂದು ಖಾತ್ರಿಯಾದ ಮೇಲೆ ಆಂಬ್ಯುಲೆನ್ಸ್ ಕರೆಸಿದರು.

"ಪೊರೆ ಜಾರಿ ಉಸಿರು ಕಟ್ಟಬಹುದು, ಅದೊಂದು ಅಪಾಯ," ಎಂದರು. "ಇನ್ನೊಂದು ಕಣ್ಣಿಗೆ ಕಾಣೋದಿಲ್ಲ. ಆ ರೋಗಾಣು ವಿಷ ಬಿಡ್ತಾ ಇದೆ. ರಕ್ತದಲ್ಲಿ ತಿರುಗೋ ವಿಷವನ್ನು ಸೀರಮ್ ಹಿಡೀತದೆ. ಹೃದಯಕ್ಕೆ ಅಂಟಿದ ಮೇಲೆ ಬಿಡಿಸ್ಲಿಕ್ಕೆ ಆಗೋದಿಲ್ಲ. ನಾಳೆ ಅಂದಿದ್ನಲ್ಲ, ಆ ನಾಳೆ ಇಲ್ಲ ನಮಗೆ."

ಹೊನ್ನಾವರದ ಸೇತುವೆ ದಾಟುವಾಗ ಅಂಕಿತಾಳ ಕತ್ತಿನ ಕುಳಿ ಉಸಿರಿಗೊಮ್ಮೆ ಒಳಗೆ ಹೋಗುತ್ತಿತ್ತು. ಭಟ್ಕಳ ದಾಟಿ ಆ ಆಸ್ಪತ್ರೆ ಮುಟ್ಟುವವರೆಗೂ ನಾನು ಆ ಕುಳಿಯನ್ನೇ ನೋಡುತ್ತ ಕೂತಿದ್ದೆ. ಗಂಗಜ್ಜಿ ಮಗುವಿನ ಪಾದ ಹಿಡಿದು, ಬಾಯಿ ಮುಚ್ಚಿಕೊಂಡೇ ಏನೋ ಒಂದು ಹಾಡು ಗುನುಗುತ್ತಿದ್ದಳು. ನಾನು ದೇವರನ್ನು ಕೇಳಿದ್ದು ಒಂದೇ: ಇವಳ ಉಸಿರು ಉಳಿಸು, ಆಮೇಲೆ ನನಗೇನು ಬೇಕಾದರೂ ಆಗಲಿ.

ಆಸ್ಪತ್ರೆಯಲ್ಲಿ ಯಾರೂ ಲ್ಯಾಬಿನ ರಿಪೋರ್ಟಿಗೆ ಕಾಯಲಿಲ್ಲ. ಸುಚಿತಾ ಬಸ್ಸಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಮಗುವನ್ನು ಬೇರೆ ಕೋಣೆಗೆ ಹಾಕಿ, ಚರ್ಮದ ಮೇಲೆ ಹನಿಯಷ್ಟು ಮದ್ದು ಪರೀಕ್ಷಿಸಿ, ಒಗ್ಗಿದ್ದನ್ನು ನೋಡಿ, ಸೀರಮ್ಮನ್ನು ಸಲೈನಿನ ಜೊತೆ ಏರಿಸುತ್ತಿದ್ದರು. ರೋಗಾಣು ಕೊಲ್ಲಲು ಪೆನ್ಸಿಲಿನ್ ಬೇರೆ. ಸೀರಮ್ಮಿನ ಬಾಟ್ಲಿ ನನ್ನ ಕಿರುಬೆರಳಿನಷ್ಟೂ ಇರಲಿಲ್ಲ.

"ಇದು ಎಂತದ್ರ ಮದ್ದು?" ಗಂಗಜ್ಜಿ ಕೇಳಿದಳು.

ನರ್ಸ್ ಹೇಳಿದಳು: "ಕುದುರೆಯದ್ದು ಅಜ್ಜಿ. ಬಲ ತೆಗೆದ ವಿಷವನ್ನು ಸ್ವಲ್ಪ ಸ್ವಲ್ಪ ಕುದುರೆಗೆ ಕೊಡ್ತಾರೆ. ಅದರ ರಕ್ತ ವಿಷಕ್ಕೆ ಎದುರು ನಿಲ್ಲೋದನ್ನು ಕಲೀತದೆ. ಆ ರಕ್ತದಿಂದ ಇದನ್ನು ತೆಗೀತಾರೆ."

ಅಬ್ಬಾ! ಎಲ್ಲಿಯದೋ ಕುದುರೆ. ನಮ್ಮ ಬಾಡ ಎಂಬ ಊರು ಇದೆಯೆಂದೂ ಅದಕ್ಕೆ ಗೊತ್ತಿಲ್ಲ. ಅದರ ಮೈಯೊಳಗೆ ಹುಟ್ಟಿದ್ದು ಹನಿ ಹನಿಯಾಗಿ ಅಂಕಿತಾಳ ಮೈಗೆ ಇಳಿಯುತ್ತಿತ್ತು. ಗಂಗಜ್ಜಿ ಬಾಟ್ಲಿಗೆ ಕೈ ಮುಗಿದಳು. ನನಗೂ ಮುಗಿಯಬೇಕೆನಿಸಿತು, ಆದರೆ ನಾಚಿಕೆಗೆ ಕೈ ಏಳಲಿಲ್ಲ. ಸೂಜಿ ಬಿದ್ದಿದ್ದರೆ ಆ ಕುದುರೆ ಮಾಡಿಕೊಟ್ಟದ್ದನ್ನು ಅಂಕಿತಾಳ ಮೈಯೇ ಮಾಡಿಟ್ಟುಕೊಳ್ಳುತ್ತಿತ್ತು. ಎಳವೆಯ ಮೂರು ಡೋಸಿನ ಬಲ ವರ್ಷ ಕಳೆದಂತೆ ಕರಗುತ್ತದೆ, ಅದಕ್ಕೇ ಬೂಸ್ಟರ್. ಎರಡು ಸೂಜಿ, ಎರಡು ಗುರುವಾರ.

ನಾಲ್ಕನೇ ದಿನ ಪೊರೆ ಚೂರು ಚೂರಾಗಿ ಕರಗಿ ಕೆಂಪು ಗಂಟಲು ಕಂಡಿತು. ಗಂಗಜ್ಜಿ ಚೀಲ ಕಟ್ಟಿದಳು. ಅಲ್ಲಿನ ಡಾಕ್ಟರಮ್ಮ ಬಿಡಲಿಲ್ಲ. ಹುಡುಗಿ ಎದ್ದು ಓಡಾಡಲೂ ಬಾರದು, ವಿಷ ಹೃದಯದ ಮೇಲೆ ಆಟ ತೋರಿಸುವುದು ಎರಡನೇ ವಾರದಲ್ಲಿ ಎಂದರು. ಎಂತಹ ವಿಷ ನೋಡಿ! ಒಂಬತ್ತನೇ ದಿನ ನಿಜಕ್ಕೂ ಎದೆಬಡಿತ ತಾಳ ತಪ್ಪಿತು. ಎದೆಗೆ ವಯರು ಅಂಟಿಸಿಕೊಂಡು ಮಲಗಿದ ಮಗುವಿನ ಪಕ್ಕ ಮೂವರು ಹೆಂಗಸರು ಎರಡು ದಿನ ಆ ಯಂತ್ರದ ಗೆರೆ ನೋಡಿಕೊಂಡೇ ಬದುಕಿದೆವು. ಮೂರನೇ ದಿನ ಗೆರೆ ಸರಿಯಾಯಿತು. ಸುಳ್ಳಿನ ಸಂಗತಿ ತಿಳಿದ ಮೇಲೆ ಸುಚಿತಾ ಅತ್ತೆಯೊಡನೆ ಮೊದಲ ಸಲ ಮಾತಾಡಿದ್ದು ಆವತ್ತು.

ಈ ನಡುವೆ ನಾನು ಊರಿಗೂ ಬಂದು ಹೋದೆ. ಅಂಕಿತಾಳ ಮನೆಯವರಿಗೆ, ಅವಳ ಕ್ಲಾಸಿನ ಮಕ್ಕಳಿಗೆ, ನನಗೂ ಗಂಟಲಿನ ಪರೀಕ್ಷೆಯಾಯಿತು, ಮಾತ್ರೆ ಕೊಟ್ಟರು, ಬಾಕಿ ಇದ್ದವರಿಗೆ ಲಸಿಕೆ ಹಾಕಿದರು. ರಿಜಿಸ್ಟರ್ ಹಿಡಿದು ಮನೆಮನೆಗೆ ಹೋಗಿ ಕಾರ್ಡ್ ನೋಡಿದೆ. ಕಾರ್ಡಿನಲ್ಲಿಲ್ಲದ ಟಿಕ್ ಇನ್ನೂ ಏಳು ಸಿಕ್ಕವು. ನಾನೇ ಮೇಲಿನವರಿಗೆ ಹೇಳಿದೆ. ಮೆಮೊ ಕೊಟ್ಟರು. ಕೊಡಬೇಕಾದ್ದೇ.

ಅಂಕಿತಾ ಮನೆಗೆ ಬಂದ ಮೇಲೂ ಕೆಲವು ವಾರ ಕುಡಿದ ನೀರು ಮೂಗಿನಿಂದ ಬರುತ್ತಿತ್ತು, ಮಾತು ಮೂಗಿನಲ್ಲೇ. ಈ ರೋಗ ಬಂದು ಹೋದರೂ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆಂಬ ಭರವಸೆಯಿಲ್ಲ, ಲಸಿಕೆ ಹಾಕಲೇಬೇಕು ಎಂದಿದ್ದರು ಡಾಕ್ಟರು. ಅವರು ಹೇಳಿದ ಗುರುವಾರ ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಅಜ್ಜಿ ಮೊಮ್ಮಗಳು ಕೂತಿದ್ದರು. ಗಂಗಜ್ಜಿಯ ಕೈಯಲ್ಲಿ ಕಾಗಾಲದಿಂದ ತಂದ ತಾಯಿ ಕಾರ್ಡ್.

"ನೋವಾಗ್ತದಾ ಅಜ್ಜಿ?"

"ಆಗ್ತದೆ ಮಗಾ. ರಾತ್ರಿ ಜ್ವರನೂ ಬರ್ತದೆ. ನಾ ಎದ್ದೇ ಇರ್ತೆ."

ಸಿಸ್ಟರ್ ಸೂಜಿ ಚುಚ್ಚಿದಳು. ಅಂಕಿತಾ ಇಡೀ ಬಾಡಕ್ಕೆ ಕೇಳುವ ಹಾಗೆ ಕಿರುಚಿದಳು. ಮೂಗಿನ ಸ್ವರವಲ್ಲ, ಗಂಟಲು ತುಂಬಿದ ಕಿರುಚು. ಸಿಸ್ಟರ್ ಸೂಜಿ ತೆಗೆದು, ಕಾರ್ಡಿನಲ್ಲಿ ತಾರೀಕು ಬರೆದು, ಸಹಿ ಹಾಕಿದಳು. ಕಾರ್ಡನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದೆ. ಆಮೇಲೆ ನನ್ನ ಪೆನ್ನಿನ ಮುಚ್ಚಳ ತೆಗೆದೆ.