ಒಂದು ನಿಮಿಷದ ಪರಿಚಯ

ಕಾಲೇಜಿನ ಶನಿವಾರದ ಉಪನ್ಯಾಸಕ್ಕೆ ಬರುವ ಅತಿಥಿಗಳನ್ನು ಪರಿಚಯಿಸುವ ಕೆಲಸ ಶೇಖರಮ್ಮನ ಪಾಲಿಗೆ ಬಂದದ್ದು ಅವಳ ದನಿಯಿಂದಾಗಿ. ಮೈಕು ಕೆಟ್ಟರೂ ಕೊನೆಯ ಬೆಂಚಿನವರೆಗೆ ಕೇಳುವ ದನಿ. ಸಿಂಧನೂರಿನ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿಯಾಗಿ ಸೇರುವ ಮೊದಲು ಅವಳು ಲಿಂಗಸುಗೂರಿನಲ್ಲಿ ಎರಡು ವರ್ಷ ಪಾಠ ಮಾಡಿದ್ದಳು. ಅಲ್ಲೊಮ್ಮೆ ಅತಿಥಿಯೊಬ್ಬರು ತಮ್ಮ ಬಗ್ಗೆ ಒಂದಕ್ಷರವೂ ಬರೆದು ಕಳಿಸಿರಲಿಲ್ಲ. ಅವರಿವರನ್ನು ಕೇಳಿ, ಉಳಿದದ್ದನ್ನು ತಾನೇ ಸೇರಿಸಿ, ಅವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಹೊಗಳಿಬಿಟ್ಟಿದ್ದಳು. ಆ ಹಿರಿಯರು ಎದ್ದು ನಿಂತು, ಆಗ ತಮಗೆ ಏಳು ವರ್ಷ, ಹೋರಾಟವೇನಿದ್ದರೂ ಅಕ್ಕನ ಜೊತೆ ಬೆಲ್ಲಕ್ಕಾಗಿ ಎಂದಾಗ ಸಭೆಯೆಲ್ಲ ನಕ್ಕಿತ್ತು. ಆ ನಗು ಅವಳ ಕಿವಿಯಿಂದ ಹೋಗಲು ಬಹಳ ದಿನ ಹಿಡಿಯಿತು.

ಅಂದಿನಿಂದ ಅವಳು ಒಂದು ಪದ್ಧತಿ ಮಾಡಿಕೊಂಡಳು. ಅರ್ಧ ಹಾಳೆಯಲ್ಲಿ ಆರು ಪ್ರಶ್ನೆ. ನಿಮ್ಮ ಹೆಸರನ್ನು ಹೇಗೆ ಕರೆಯಬೇಕು? ಏನು ಕೆಲಸ, ಎಷ್ಟು ಕಾಲದಿಂದ? ಇವತ್ತಿನ ವಿಷಯದಲ್ಲಿ ನೀವೇ ಕಂಡದ್ದು, ಉಂಡದ್ದು ಏನು? ಈ ಸಭೆಯವರು ಅದನ್ನು ಈಗ ಯಾಕೆ ಕೇಳಬೇಕು? ಅವರು ಮನೆಗೆ ಒಯ್ಯಬೇಕಾದ ಒಂದು ಮಾತು ಯಾವುದು? ಕೊನೆಯದು, ನಿಮ್ಮ ಬಗ್ಗೆ ಏನನ್ನು ಹೇಳಬಾರದು? ಉತ್ತರಗಳಿಂದ ಒಂದು ನಿಮಿಷಕ್ಕೆ ಆಗುವಷ್ಟು ಬರೆದು, ಅದನ್ನು ಅತಿಥಿಗೇ ಓದಿ ಹೇಳಿ, ಅವರು ಹೂಂ ಎಂದಮೇಲೆಯೇ ವೇದಿಕೆಗೆ ಒಯ್ಯುತ್ತಿದ್ದಳು.

ತೊಂಬತ್ತೆರಡರ ಸೆಪ್ಟೆಂಬರಿನಲ್ಲಿ ಬೆಳೆ ಸಂರಕ್ಷಣೆಯ ಬಗ್ಗೆ ಮಾತಾಡಬೇಕಿದ್ದ ಅಧಿಕಾರಿ ವರ್ಗವಾಗಿ ಹೋದರು. ಪ್ರಾಚಾರ್ಯ ವೆಂಕೋಬರಾಯರು ಯಾರಾದರೂ ಅನುಭವಸ್ಥರನ್ನು ಹುಡುಕಿ ಎಂದರು. ಶೇಖರಮ್ಮನ ಮನೆಯ ಪಕ್ಕದಲ್ಲಿ ಆಸ್ಪತ್ರೆಯ ನರ್ಸ್ ಜಮೀಲಾಬೀ ಇದ್ದಳು. ಭತ್ತಕ್ಕೆ ಎಣ್ಣೆ ಹೊಡೆಯುವ ಕಾಲದಲ್ಲಿ, ಅಂದರೆ ಕೀಟನಾಶಕ ಸಿಂಪಡಿಸುವ ಆ ಎರಡು ತಿಂಗಳಲ್ಲಿ, ಬಾಯಲ್ಲಿ ನೊರೆ ಬಂದು ಗಾಡಿಯಲ್ಲಿ ಮಲಗಿ ಬರುವವರನ್ನು ಅವಳು ಪ್ರತಿವರ್ಷ ನೋಡುತ್ತಿದ್ದಳು. ಜವಳಗೇರಾದಲ್ಲಿ ಕೂಲಿಗೆ ಎಣ್ಣೆ ಹೊಡೆಯುವ ದುರುಗಪ್ಪನ ಗುಂಪಿನವರು ಮಾತ್ರ ಈಚೆಗೆ ಬರುವುದೇ ಇಲ್ಲ ಎಂದು ಅವಳೇ ಹೇಳಿದ್ದು. ಶೇಖರಮ್ಮ ಆ ಹೆಸರು ಕೊಟ್ಟಳು. ಪ್ರಾಚಾರ್ಯರು ಹೆಚ್ಚು ವಿಚಾರಿಸದೆ ಒಪ್ಪಿದರು.

ನಿಮ್ಮ ವಿವರ ಕಳಿಸಿ ಎಂದು ಬರೆದ ಎರಡು ಕಾರ್ಡಿಗೂ ಉತ್ತರ ಬರಲಿಲ್ಲ. ಗುರುವಾರ ಮಧ್ಯಾಹ್ನ ಪಾಠ ಮುಗಿಸಿ ಅವಳು ಪ್ರಶ್ನೆಯ ಹಾಳೆ ಹಿಡಿದು ಜವಳಗೇರಾದ ಬಸ್ಸು ಹತ್ತಿದಳು.

ದುರುಗಪ್ಪ ಮನೆಯ ಮುಂದೆ ಎಣ್ಣೆ ಹೊಡೆಯುವ ಪಂಪಿನ ನಳಿಗೆ ಬಿಚ್ಚಿ ತೊಳೆಯುತ್ತಿದ್ದ. ನಲವತ್ತರ ಆಸುಪಾಸಿನ ಒಣಕಲು ಆಳು. ಹೆಗಲ ಮೇಲೆ ಪಟ್ಟಿ ಉಜ್ಜಿ ಉಜ್ಜಿ ಚರ್ಮ ಕರಿಗಟ್ಟಿತ್ತು. ಅವನ ಹೆಂಡತಿ ಆದಮ್ಮ ಚಾಪೆ ಹಾಸಿ, ಎರಡೂ ಕಾರ್ಡು ತಂದು ತೋರಿಸಿದಳು. ಅವುಗಳನ್ನು ಪಕ್ಕದ ಮನೆಯವರಿಂದ ಓದಿಸಿದ್ದರು. ವಿವರ ಎಂದರೆ ಏನು ಬರೆಸಬೇಕೆಂದು ತಿಳಿಯದೆ ಸುಮ್ಮನಾಗಿದ್ದರು.

ಅವಳು ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಉತ್ತರ ಬರೆದುಕೊಂಡಳು. ಊರವರು ತನ್ನನ್ನು ಎಣ್ಣಿ ದುರುಗ ಅನ್ನುತ್ತಾರೆ, ಸಭೆಯಲ್ಲಿ ಅದು ಬೇಡ, ದುರುಗಪ್ಪ ಅನ್ನಿ ಎಂದ. ಹದಿನಾಲ್ಕು ವರ್ಷದಿಂದ ಬೆನ್ನಿಗೆ ಪಂಪು ಹೊತ್ತಿದ್ದಾನೆ. ಎರಡು ಸಲ ಹೊಲದಲ್ಲೇ ಬಿದ್ದಿದ್ದಾನೆ. ಎರಡನೆಯ ಸಲ ಎದ್ದಮೇಲೆ ತನ್ನನ್ನೂ ಸೇರಿಸಿ ಎಂಟು ಜನರ ಗುಂಪನ್ನು ಕೂಡಿಸಿ ಕೆಲವು ಕಟ್ಟಳೆ ಮಾಡಿದ. ಎದುರುಗಾಳಿಗೆ ಹೊಡೆಯುವುದಿಲ್ಲ. ಬರಿಗೈಯಲ್ಲಿ ಕಲಸುವುದಿಲ್ಲ, ಕೋಲಿನಿಂದಲೇ. ಬದುವಿನ ಮೇಲೆ ಒಂದು ಬಕೆಟ್ ಸ್ವಚ್ಛ ನೀರು, ಸಾಬೂನು ಇಡದ ಹೊಲಕ್ಕೆ ಇಳಿಯುವುದಿಲ್ಲ. ಕೈ ತೊಳೆಯದೆ ಬೀಡಿಯನ್ನೂ ಮುಟ್ಟುವುದಿಲ್ಲ.

ಡಬ್ಬಿಯ ಮೇಲಿನ ಸೂಚನೆ ಓದಲು ಬರುತ್ತದೆಯೇ ಎಂದು ಅವಳು ಕೇಳಿದಳು.

"ಅಕ್ಷರ ಬರೂದಿಲ್ರೀ ಅಕ್ಕಾರ. ಕೆಂಪು ತ್ರಿಕೋನ ಇದ್ರ ಅದು ಜೀವಾ ತಗೊಳ್ಳೋ ಪೈಕಿ ಅನ್ನೋದು ಗೊತ್ತೈತಿ. ಅಕ್ಷರ ಬಲ್ಲ ಮಾಲಕರು ಅದನ್ನ ನೋಡಂಗಿಲ್ಲ."

ಇಷ್ಟಕ್ಕೆ ಅವನು ನಿಲ್ಲಿಸಿದ. ಆದಮ್ಮ ನಿಲ್ಲಿಸಲಿಲ್ಲ. ಹೋದ ವರ್ಷದ್ದು ಹೇಳು ಎಂದು ಗಂಡನನ್ನು ತಿವಿದಳು. ಅವನು ತಲೆ ತಗ್ಗಿಸಿದಾಗ ತಾನೇ ಹೇಳಿದಳು. ಹೋದ ವರ್ಷ ಒಂದು ದೊಡ್ಡ ಹೊಲದಲ್ಲಿ ಗಾಳಿ ತಿರುಗಿತು. ಸಂಜೆಯೊಳಗೆ ಮುಗಿಸಲೇಬೇಕೆಂದು ಮಾಲಕ ಬದುವಿನ ಮೇಲೆ ನಿಂತು ಬೈದ. ದುರುಗಪ್ಪ ಪಂಪು ಇಳಿಸಿ ಬದುವಿನ ಮೇಲಿಟ್ಟು ಹೊರಟ. ಹಿಂದೆ ನೋಡಿದರೆ ಎಂಟೂ ಪಂಪು ಸಾಲಾಗಿ ಬದುವಿನ ಮೇಲಿದ್ದವು.

"ಅದನ್ನ ಬರೀರಿ," ಎಂದಳು ಆದಮ್ಮ. "ಬಿದ್ದದ್ದು ಅಷ್ಟ ಬರದ್ರ ಎಲ್ಲಾರೂ ಅಯ್ಯೋ ಅಂತಾರ. ಇಳಿಸಿ ಬಂದದ್ದೂ ಬರೀರಿ."

ಏನು ಹೇಳಬಾರದು ಎಂಬ ಕೊನೆಯ ಪ್ರಶ್ನೆಗೆ ದುರುಗಪ್ಪ ನಳಿಗೆಯನ್ನು ಕೆಳಗಿಟ್ಟ. "ಬಡವ, ಪಾಪ ಅನ್ನಬ್ಯಾಡ್ರಿ. ಮತ್ತ ಯಾರ ಹೊಲ ಅಂತ ಹೆಸರು ತಗೀಬ್ಯಾಡ್ರಿ. ಹೆಸರು ಬಂದ್ರ ಜಗಳ ದೊಡ್ಡದಾಗಿ ನನ್ನ ಮಾತು ಸಣ್ಣದಾಗ್ತೈತಿ."

ಅವಳು ಆ ಹೊಲ ಯಾರದೆಂದು ಕೇಳಲೂ ಇಲ್ಲ. ಅಲ್ಲೇ ಚಾಪೆಯ ಮೇಲೆ ಕೂತು ಪರಿಚಯ ಬರೆದು ಓದಿದಳು. ಅವನು ಒಂದು ಕಡೆ ತಡೆದ. ಗುಂಪಿನ ನಾಯಕ ಎಂದು ಬರೆದಿದ್ದನ್ನು ತೆಗೆಸಿ, ಗುಂಪಿನವ ಎಂದು ಮಾಡಿಸಿದ. ಮತ್ತೆ ಓದಿದಾಗ ಹೂಂ ಎಂದು, ಪ್ರಶ್ನೆಯ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿದ.

ಶುಕ್ರವಾರ ಬೆಳಿಗ್ಗೆ ಪ್ರಾಚಾರ್ಯರು ಪರಿಚಯದ ಪ್ರತಿ ಕೇಳಿ ತರಿಸಿಕೊಂಡರು. ಮಧ್ಯಾಹ್ನ ಅವಳನ್ನು ಕರೆದರು. ಮೇಜಿನ ಮೇಲೆ ಬೇರೊಂದು ಹಾಳೆ ಇತ್ತು, ಟೈಪ್ ಮಾಡಿದ್ದು. ಅದರಲ್ಲಿ ದುರುಗಪ್ಪ ನಿರಕ್ಷರಿ ಬಡ ಕೂಲಿಕಾರನಾಗಿದ್ದ. ತಿಳಿವಳಿಕೆಯ ಕೊರತೆಯಿಂದ ಒಮ್ಮೆ ಅಸ್ವಸ್ಥನಾಗಿ, ಹಿರಿಯರ ಮಾರ್ಗದರ್ಶನದಲ್ಲಿ ಸುಧಾರಿಸಿದವನಾಗಿದ್ದ. ಪಂಪು ಇಳಿಸಿ ಬಂದ ಮಾತೇ ಇರಲಿಲ್ಲ.

ವೆಂಕೋಬರಾಯರು ದನಿ ತಗ್ಗಿಸಿ ಇದ್ದದ್ದನ್ನು ಹೇಳಿದರು. ಆಡಳಿತ ಮಂಡಳಿಯ ಅಧ್ಯಕ್ಷ ಅಂಬಪ್ಪನವರು ನಾಳೆ ವೇದಿಕೆಯ ಮೇಲಿರುತ್ತಾರೆ. ಗಂಜಿನಲ್ಲಿ, ಅಂದರೆ ಊರಿನ ಮಾರುಕಟ್ಟೆಯಲ್ಲಿ, ಅವರದೇ ಗೊಬ್ಬರ, ಎಣ್ಣೆಯ ಅಂಗಡಿ. ಹೋದ ವರ್ಷದ ಆ ಹೊಲವೂ ಅವರದೇ. ಪರಿಚಯವನ್ನು ಅವರಿಗೆ ಓದಿ ಹೇಳಿದ್ದಾಗಿದೆ, ಈ ಹಾಳೆ ಅವರು ಬರೆಸಿದ್ದು.

ಶೇಖರಮ್ಮನಿಗೆ ಮೊದಲು ನೆನಪಾದದ್ದು ತನ್ನ ಸಂಬಳ. ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮಸ್ಕಿಯಲ್ಲಿ ತಾಯಿ, ಓದುವ ತಂಗಿ ಅವಳ ಸಂಬಳದ ಮೇಲೆಯೇ ಇದ್ದರು. ಆಮೇಲೆ ಟೈಪಿನ ಹಾಳೆಯಲ್ಲಿದ್ದ 'ಬಡ' ಎಂಬ ಪದದ ಮೇಲೆ ಅವಳ ಕಣ್ಣು ನಿಂತಿತು. ಬೇಡ ಎಂದು ದುರುಗಪ್ಪ ಕೇಳಿಕೊಂಡದ್ದರಲ್ಲಿ ಇದೂ ಒಂದು.

"ಸರ್, ಇದರಾಗ ಒಂದು ಮಾತೂ ದುರುಗಪ್ಪನವರು ಒಪ್ಪಿದ್ದಲ್ಲ," ಎಂದಳು. "ನಾನು ಓದಿದ್ರ ಅವರು ಒಪ್ಪಿದ್ದನ್ನ ಓದ್ತೀನಿ. ಇದನ್ನ ಓದಬೇಕಂದ್ರ ನೀವು ಓದ್ರಿ. ಆದ್ರ ಅದಕ್ಕೂ ಮೊದಲು ಅವರ ಮುಂದ ಒಮ್ಮೆ ಓದಿ ಹೇಳ್ರಿ."

ಕೊನೆಯ ಮಾತಿಗೆ ಪ್ರಾಚಾರ್ಯರು ಮುಖ ತಿರುಗಿಸಿದರು. ಅವಳ ಭವಿಷ್ಯದ ಬಗ್ಗೆ, ಸಂಸ್ಥೆಯ ಮರ್ಯಾದೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅಂಬಪ್ಪನವರ ಹೆಸರೇ ಇಲ್ಲದ ಪರಿಚಯದಿಂದ ಯಾರ ಮರ್ಯಾದೆ ಹೋಗುತ್ತದೆ ಎಂದು ಅವಳು ಕೇಳಿದಳು. ಪ್ರಾಚಾರ್ಯರು ಟೈಪಿನ ಹಾಳೆಯನ್ನು ನಾಳೆಯ ಕಾರ್ಯಕ್ರಮದ ಫೈಲಿಗೆ ಸೇರಿಸಿದರು.

ಶನಿವಾರ ಸಭಾಂಗಣ ತುಂಬಿತ್ತು. ಬಿ.ಎ., ಬಿ.ಕಾಂ. ಹುಡುಗರಲ್ಲಿ ಮುಕ್ಕಾಲು ಪಾಲು ಕಾಲುವೆಯ ಭತ್ತದ ಹೊಲದವರು. ದುರುಗಪ್ಪ ಒಗೆದ ಬಿಳಿ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದ. ಆದಮ್ಮ ಮುಂದಿನ ಸಾಲಿನಲ್ಲಿ. ಮೈಕಿನ ಪಕ್ಕದ ಫೈಲಿನಲ್ಲಿ ಟೈಪಿನ ಹಾಳೆ ಕಾಯುತ್ತಿತ್ತು. ಶೇಖರಮ್ಮ ಫೈಲನ್ನು ಮುಚ್ಚಿದಳು. ಸೆರಗಿನೊಳಗೆ ಹಿಡಿದಿದ್ದ ತನ್ನ ಹಾಳೆಯನ್ನು ಬಿಚ್ಚಿದಳು. ಎಂದಿನ ದನಿಯಲ್ಲೇ ಓದಿದಳು.

"ನಿಮ್ಮಲ್ಲಿ ಬಹಳ ಜನರ ಮನೆಯ ಭತ್ತಕ್ಕೆ ಈ ವಾರ ಎಣ್ಣೆ ಹೊಡೆಯುತ್ತಾರೆ. ಹೊಡೆಯುವವರು ಸಂಜೆ ಹೇಗೆ ಮನೆಗೆ ಹೋಗುತ್ತಾರೆ ಎಂಬುದು ಇವತ್ತಿನ ಮಾತು. ಮಾತಾಡುವವರು ಹದಿನಾಲ್ಕು ವರ್ಷ ಬೆನ್ನಿಗೆ ಪಂಪು ಹೊತ್ತವರು. ಎರಡು ಸಲ ಹೊಲದಲ್ಲಿ ಬಿದ್ದು ಎದ್ದವರು. ಎದ್ದಮೇಲೆ ತಮ್ಮ ಗುಂಪಿಗೆ ಕಟ್ಟಳೆ ಮಾಡಿದವರು. ಕಳೆದ ವರ್ಷ ಎದುರುಗಾಳಿಗೆ ಹೊಡೆಯಲು ಒಪ್ಪದೆ ಪಂಪು ಇಳಿಸಿ ಬಂದವರು; ಅವರ ಹಿಂದೆ ಗುಂಪೆಲ್ಲ ಇಳಿಸಿ ಬಂತು. ಕಟ್ಟಳೆ ಮಾಡಿದ ಮೇಲೆ ಆ ಗುಂಪಿನ ಯಾರೂ ಆಸ್ಪತ್ರೆ ಸೇರಿಲ್ಲ. ಅದು ಹೇಗೆಂದು ಅವರೇ ಹೇಳುತ್ತಾರೆ. ಆ ಗುಂಪಿನವರು, ಜವಳಗೇರಾದ ದುರುಗಪ್ಪನವರು."

ಹಿಂದಿನ ಬೆಂಚುಗಳಿಂದ ಚಪ್ಪಾಳೆ ಎದ್ದು ಮುಂದಕ್ಕೆ ಬಂತು. ಅಂಬಪ್ಪನವರು ವಾಚು ನೋಡಿದರು. ಆದಮ್ಮ ಚಪ್ಪಾಳೆ ತಟ್ಟಲಿಲ್ಲ, ನೆಟ್ಟಗೆ ಕೂತು ಅಂಬಪ್ಪನವರನ್ನೇ ನೋಡುತ್ತಿದ್ದಳು.

ದುರುಗಪ್ಪ ಮೈಕಿನಿಂದ ಒಂದು ಹೆಜ್ಜೆ ದೂರವೇ ನಿಂತ. "ನಿಮ್ಮ ಹೊಲಕ್ಕ ಎಣ್ಣಿ ಹೊಡಿಯೋರ ಹೆಸರು ಯಾರಿಗೆ ಗೊತ್ತೈತಿ? ಕೈ ಎತ್ರಿ," ಎಂದ.

ಮುನ್ನೂರು ಜನರಲ್ಲಿ ಹತ್ತು ಹನ್ನೆರಡು ಕೈ ಎದ್ದವು. ಅವನು ಅವನ್ನು ನಿಧಾನವಾಗಿ ನೋಡಿ ತಲೆಯಾಡಿಸಿದ. ಅಲ್ಲಿಂದ ಅರ್ಧ ಗಂಟೆ ಗಾಳಿ, ನೀರು, ಸಾಬೂನು, ಕೆಂಪು ತ್ರಿಕೋನ ಎಲ್ಲವನ್ನೂ ಹೇಳಿದ. ಯಾರ ಹೆಸರನ್ನೂ ತೆಗೆಯಲಿಲ್ಲ. ಅಂಬಪ್ಪನವರು ಅಧ್ಯಕ್ಷೀಯ ಭಾಷಣದಲ್ಲಿ ಪರಿಚಯ ತುಸು ಅತಿಯಾಯಿತು ಎಂದಷ್ಟೇ ಹೇಳಿ, ಗಂಜಿನಲ್ಲಿ ಕೆಲಸವಿದೆ ಎಂದು ಇಳಿದುಹೋದರು.

ಸೋಮವಾರ ಮೆಮೊ ಬಂತು. ಮಂಜೂರಾದ ಪರಿಚಯ ಬಿಟ್ಟು ಬೇರೆ ಓದಿದ್ದೇಕೆ, ಮೂರು ದಿನದೊಳಗೆ ವಿವರಣೆ ಕೊಡಿ. ಕ್ಷಮೆ ಕೇಳಿದರೆ ಇಲ್ಲಿಗೇ ಮುಗಿಯುತ್ತದೆ ಎಂದು ಗುಮಾಸ್ತ ಕಿವಿಯಲ್ಲಿ ಹೇಳಿದ. ಅವಳು ಹೆಬ್ಬೆಟ್ಟಿನ ಹಾಳೆಯ ನಕಲು ಲಗತ್ತಿಸಿ ನಾಲ್ಕು ಸಾಲು ಬರೆದಳು. ಅತಿಥಿಯ ಪರಿಚಯವನ್ನು ಮಂಜೂರು ಮಾಡುವವರು ಅತಿಥಿಯೇ. ಅವರ ಮಂಜೂರಾತಿ ಇದರೊಂದಿಗಿದೆ. ನಾನು ಓದಿದ್ದರಲ್ಲಿ ಸುಳ್ಳು ಯಾವುದೆಂದು ತೋರಿಸಿದರೆ ಮುಂದಿನ ಶನಿವಾರ ಅದೇ ವೇದಿಕೆಯಲ್ಲಿ ತಿದ್ದಿಕೊಳ್ಳುತ್ತೇನೆ.

ಯಾರೂ ತೋರಿಸಲಿಲ್ಲ. ಅವಳನ್ನು ಕಾರ್ಯಕ್ರಮ ಸಮಿತಿಯಿಂದ ಕೈಬಿಟ್ಟರು. ಕಾಯಂ ಆಗುವುದೂ ಒಂದು ವರ್ಷ ಮುಂದಕ್ಕೆ ಹೋಯಿತು. ಆ ಹಂಗಾಮಿನಲ್ಲಿ ಕೆಲವು ಹುಡುಗರ ಹೊಲಗಳ ಬದುವಿನ ಮೇಲೆ ಬಕೆಟ್ಟು, ಸಾಬೂನು ಕಂಡವೆಂದು ಜಮೀಲಾಬೀ ಸುದ್ದಿ ತಂದಳು. ಅಂಬಪ್ಪನವರ ಹೊಲದಲ್ಲಿ ಕಾಣಲಿಲ್ಲ. ಜವಳಗೇರಾದ ಗುಂಪು ಆ ಹೊಲಕ್ಕೆ ಇಳಿಯಲೂ ಇಲ್ಲ.

ಮರುವರ್ಷ ಜೂನಿನಲ್ಲಿ ವೆಂಕೋಬರಾಯರೇ ಅವಳನ್ನು ಕರೆದು, ಪರಿಚಯಗಳು ನೀರಸವಾಗಿವೆ, ಮತ್ತೆ ನೀವೇ ಮಾಡಿ ಎಂದರು. ಅತಿಥಿ ಒಪ್ಪಿದ್ದನ್ನು ಯಾರೂ ತಿದ್ದುವುದಿಲ್ಲ ಎಂದು ಬರೆದುಕೊಟ್ಟರೆ ಮಾಡುತ್ತೇನೆ ಎಂದಳು ಅವಳು. ಬಾಯಿಮಾತು ಸಾಲದೇ ಎಂದು ಅವರು ಕೇಳಿದರು.

"ಸಾಲೂದಿಲ್ರೀ ಸರ್," ಎಂದು ಹೇಳಿ ಶೇಖರಮ್ಮ ಹಾಜರಿ ಪುಸ್ತಕ ಎತ್ತಿಕೊಂಡು ಪಾಠಕ್ಕೆ ನಡೆದಳು.