ಬಚ್ಚಲಲ್ಲಿ ಬಿದ್ದ ತಾಯಂದಿರು

ಬಾದಾಮಿ ಶಾಖೆಯಲ್ಲಿ ನಾನು ಕ್ಯಾಶಿಯರ್. ಹೆಸರು ಬೀರಲಿಂಗಪ್ಪ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಕ್ಯಾಶ್ ಕೌಂಟರಿನಲ್ಲಿ ನನ್ನನ್ನು ಯಾರೂ ಹೊಗಳಿದ್ದಿಲ್ಲ, ಆದರೆ ವರ್ಗಾವಣೆ ಬೇಡವೆಂದೋ ಬೇಕೆಂದೋ ಪತ್ರ ಬರೆಯುವುದರಲ್ಲಿ ನಮ್ಮ ಬ್ಯಾಂಕಿನಲ್ಲಿ ನನ್ನ ಸಮ ಇನ್ನೊಬ್ಬನಿರಲಿಲ್ಲ. ಹುನಗುಂದ, ಇಳಕಲ್ಲಿನಿಂದಲೂ ಜನ ಫೋನ್ ಮಾಡುತ್ತಿದ್ದರು.

ನನ್ನ ಪತ್ರಗಳಲ್ಲಿ ತಾಯಿ ಬಚ್ಚಲಲ್ಲಿ ಜಾರಿ ಬೀಳುತ್ತಾಳೆ. ಟೊಂಕದ ಎಲುಬು ಮುರಿಯುತ್ತದೆ. ಮಗನ ಹೊರತು ದಿಕ್ಕಿಲ್ಲ. ಇಪ್ಪತ್ತು ವರ್ಷಗಳಲ್ಲಿ ಹನ್ನೊಂದು ತಾಯಂದಿರನ್ನು ಹೀಗೆ ಕೆಡವಿದ್ದೇನೆ. ಏಳು ವರ್ಗಾವಣೆ ರದ್ದಾದವು. ಇಬ್ಬರು ತಾಯಂದಿರು ಈ ಸುದ್ದಿ ಕೇಳಿ ನನಗೆ ಹೋಳಿಗೆ ಕಳಿಸಿದ್ದರು.

ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ರಾಜಶ್ರೀ ಮೇಡಂ ನಾಹಿದಾಳನ್ನೂ ನನ್ನನ್ನೂ ಒಳಗೆ ಕರೆದರು. ನಾಹಿದಾ ನನ್ನ ಪಕ್ಕದ ಕೌಂಟರಿನ ಕ್ಲರ್ಕ್. ಮೇಡಂ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಮುಖ್ಯ ಕಚೇರಿಯ ಆದೇಶ. ನಾಹಿದಾ, ಬಾದಾಮಿಯಿಂದ ಬೀದರ್ ಜಿಲ್ಲೆಯ ಔರಾದ ಶಾಖೆಗೆ. ಏಳು ದಿನಗಳೊಳಗೆ ಬಿಡುಗಡೆ ಮಾಡತಕ್ಕದ್ದು.

ನಾಹಿದಾ ಆ ಸಾಲನ್ನೇ ನೋಡುತ್ತ ನಿಂತಳು. ನಾನು ಅದರ ಕೆಳಗಿನ ಸಾಲು ನೋಡಿದೆ. ಹಣಮೇಶ, ಔರಾದದಿಂದ ಬಾದಾಮಿಗೆ, ಸ್ವಂತ ಕೋರಿಕೆಯ ಮೇರೆಗೆ.

ಹಣಮೇಶ ಇಲ್ಲೇ ಹತ್ತಿರದ ಶಿರೂರಿನ ಹುಡುಗ. ಅವನ ಕೋರಿಕೆ ಪತ್ರವನ್ನು ಡಿಸೆಂಬರಿನಲ್ಲಿ ನಾನೇ ಬರೆದಿದ್ದೆ. ಅವನ ತಾಯಿ ಮಾಯವ್ವ ನನ್ನ ಹನ್ನೊಂದನೆಯ ತಾಯಿ.

“ಇಲ್ಲಿ ಕ್ಲರ್ಕ್ ಹುದ್ದಿ ಖಾಲಿ ಇಲ್ಲ,” ಎಂದರು ಮೇಡಂ. “ಅಂವ ಬರಬೇಕಂದ್ರ ಯಾರರ ಹೋಗಬೇಕು. ಈ ಶಾಖಾದಾಗ ಭಾಳ ವರ್ಷ ಇದ್ದವರು ನೀವs. ಬೀರಲಿಂಗಪ್ಪನವರಿಗೆ ನಿವೃತ್ತಿ ಹತ್ರ, ಅವರನ್ನ ಮುಟ್ಟೂದಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ನಾನು ಕೊರಳು ತುರಿಸಿಕೊಂಡೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ.

ನಾಹಿದಾಳ ಮಗ ಅಯಾನನಿಗೆ ಒಂಬತ್ತು ವರ್ಷ. ನಡೆಯುವುದಿಲ್ಲ, ಮಾತಿಲ್ಲ, ನಗು ಮಾತ್ರ ಧಾರಾಳ. ದಿನಾ ಊಟದ ವಿರಾಮಕ್ಕೆ ಅವಳು, “ಕಾಕಾ, ಕೌಂಟರ್ ನೋಡ್ಕೋರಿ,” ಎಂದು ಹೇಳಿ ಮನೆಗೆ ಓಡುತ್ತಾಳೆ, ಅವನಿಗೆ ಉಣಿಸಿ ಬರುತ್ತಾಳೆ. ತಾನು ಉಂಡಳೋ ಇಲ್ಲವೋ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳ ಗ್ರಾಹಕರನ್ನು ನೋಡಿಕೊಳ್ಳುವುದೇ ದೊಡ್ಡ ಉಪಕಾರ ಎಂದುಕೊಂಡಿದ್ದೆ.

ಅವತ್ತು ಸಂಜೆಯೇ ಕುಳಿತು ಅವಳ ಪತ್ರ ಬರೆದೆ. ಕೈ ಪಳಗಿದ್ದು, ಹದಿನೈದು ನಿಮಿಷ ಸಾಕಾಯಿತು. ನಾಹಿದಾ ಓದಿ ತಲೆ ಎತ್ತಿದಳು.

“ನಮ್ಮತ್ತಿ ಬಚ್ಚಲದಾಗ ಬಿದ್ದಿಲ್ರಿ, ಕಾಕಾ.”

“ಇರಲಿ ಬಿಡವ್ವ. ಒಂದಕ್ಕಿಂತ ಎರಡು ಕಾರಣ ಇದ್ರ ಗಟ್ಟಿ.”

“ಖರೇದ್ದs ಇರುವಾಗ ಸುಳ್ಳು ಯಾಕ್ರಿ?”

ಇಪ್ಪತ್ತು ವರ್ಷಗಳಲ್ಲಿ ನಿಜವಾದ ಕಾರಣ ಹಿಡಿದುಕೊಂಡು ನನ್ನ ಹತ್ತಿರ ಯಾರೂ ಬಂದಿರಲಿಲ್ಲ. ಮರುದಿನ ಅವಳೇ ಬರೆದುಕೊಂಡು ಬಂದಳು.

“ಮಾನ್ಯರೇ, ವರ್ಗಾವಣೆಯ ಆದೇಶ ತಲುಪಿದೆ. ನಾನು ಔರಾದಕ್ಕೆ ಹೋಗಲಾರೆ. ನನ್ನ ಮಗನಿಗೆ ಹುಟ್ಟಿನಿಂದ ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇದೆ. ಅಂಗವಿಕಲತೆಯ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಅವನಿಗೆ ನುಂಗುವುದು ಕಷ್ಟ. ಒಂದು ಊಟಕ್ಕೆ ನಲವತ್ತು ನಿಮಿಷ ಬೇಕು. ನನ್ನ ಅತ್ತೆ ದಸ್ತಗೀರಬಿಯವರು ಪ್ರೀತಿಯಿಂದ ಉಣಿಸುತ್ತಾರೆ, ಆದರೆ ಅವರ ಕೈ ನಡುಗುತ್ತದೆ. ಎರಡು ಸಲ ತುತ್ತು ಗಂಟಲಲ್ಲಿ ಸಿಕ್ಕು ದವಾಖಾನೆಗೆ ಒಯ್ದಿದ್ದೇವೆ. ಪತಿ ಅಕೀಲ ಲಾರಿ ಚಾಲಕರು, ವಾರದಲ್ಲಿ ಎರಡು ದಿನ ಮನೆಯಲ್ಲಿರುತ್ತಾರೆ. ಶಾಖೆಯಿಂದ ನನ್ನ ಮನೆ ಆರು ನಿಮಿಷ. ಔರಾದದಿಂದ ಒಂದು ಹಗಲು. ಇಂಥ ಮಕ್ಕಳನ್ನು ನೋಡಿಕೊಳ್ಳುವ ನೌಕರರನ್ನು ವಾಡಿಕೆಯ ವರ್ಗಾವಣೆಯಿಂದ ಬಿಡಬೇಕೆಂಬ ಸುತ್ತೋಲೆಯ ಪ್ರತಿಯನ್ನೂ ಇಟ್ಟಿದ್ದೇನೆ. ಆದೇಶ ರದ್ದುಪಡಿಸಬೇಕಾಗಿ ವಿನಂತಿ.”

ಅಷ್ಟೇ. ಕಣ್ಣೀರಿಲ್ಲ, ಪಾದಾರವಿಂದಗಳಿಲ್ಲ. ಇದೆಂಥ ಪತ್ರ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಅಯಾನನ ಗಂಟಲು ನೆನಪಾಗಿ ಸಿಟ್ಟು ಇಳಿಯಿತು. ಮೇಡಂ ಶಿಫಾರಸು ಬರೆದು ಬಾಗಲಕೋಟೆಯ ಪ್ರಾದೇಶಿಕ ಕಚೇರಿಗೆ ಕಳಿಸಿದರು.

ಶುಕ್ರವಾರ ಉತ್ತರ ಬಂತು. ಸುತ್ತೋಲೆಯಲ್ಲೇ ಆಡಳಿತಾತ್ಮಕ ಅಡಚಣೆ ಇರಬಾರದೆಂಬ ಷರತ್ತಿದೆ. ಬಾದಾಮಿಯಲ್ಲಿ ಹುದ್ದೆ ಖಾಲಿಯಿಲ್ಲ. ಬರುತ್ತಿರುವ ನೌಕರರ ತಾಯಿಯವರು ಬಿದ್ದು ಟೊಂಕದ ಎಲುಬು ಮುರಿದಿರುವುದರಿಂದ ಆ ಕೋರಿಕೆಯೂ ಮಾನವೀಯವಾದದ್ದು. ಬಿಡುಗಡೆಯನ್ನು ಹದಿನೈದು ದಿನ ಮುಂದೂಡಲಾಗಿದೆ. ಅಷ್ಟರಲ್ಲಿ ಹುದ್ದೆ ಖಾಲಿಯಾದರೆ ಮುಖ್ಯ ಕಚೇರಿಗೆ ಬರೆಯಲಾಗುವುದು.

ನಾಹಿದಾ ಎರಡು ಸಲ ಓದಿದಳು. “ಪಾಪ, ಆ ತಾಯಿ,” ಎಂದಳು.

ನಾನು ಹೊರಗೆ ಹೋಗಿ ಹಣಮೇಶನಿಗೆ ಫೋನ್ ಮಾಡಿದೆ.

“ಲೇ, ನಿಮ್ಮವ್ವ ಹೆಂಗದಾಳೋ?”

“ಆರಾಮ್ ಅದಾಳ್ರಿ ಸರ್. ಹೊಲಕ್ಕ ಹೋಗ್ಯಾಳ, ಕಸಾ ತಗಿಯಾಕ. ಸರ್, ನಿಮ್ಮ ಪತ್ರ ಅಂದ್ರ ಪತ್ರ ನೋಡ್ರಿ! ಮೂರು ವರ್ಷ ಆಗಿತ್ತು ಮನಿ ಅನ್ನ ಉಂಡು. ಅವ್ವ ನಿಮಗ ಹೋಳಿಗಿ ಕಳಸ್ತಾಳಂತ.”

“ಹೋಳಿಗಿ ಬ್ಯಾಡಂತ ಹೇಳು,” ಎಂದೆ.

ಹುಡುಗನ ಸುಳ್ಳನ್ನು ಮೇಲಿನವರಿಗೆ ಹೇಳಿದರೆ ಅವನ ನೌಕರಿಗೇ ಕುತ್ತು. ಸುಳ್ಳು ನನ್ನದು, ಸಹಿ ಮಾತ್ರ ಅವನದು. ಹೇಳದಿದ್ದರೆ ನಡುಗುವ ಕೈಯಲ್ಲಿ ಅಯಾನನ ತುತ್ತು. ಎರಡು ದಿನ ನನಗೆ ರೊಟ್ಟಿ ಇಳಿಯಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ಉಣ್ಣಲೂ ಆಗದಂಥದ್ದನ್ನು ಮಾಡಿಟ್ಟಿದ್ದೆ.

ಕುಳಗೇರಿ ಕ್ರಾಸಿನ ಶಾಖೆಯಲ್ಲಿ ಕ್ಯಾಶಿಯರ್ ಹುದ್ದೆ ಎಂಟು ತಿಂಗಳಿಂದ ಖಾಲಿ ಇತ್ತು. ದಿನಾ ಬಸ್ಸಿನಲ್ಲಿ ನಿಂತು ಹೋಗಬೇಕಾದ ಜಾಗ, ಯಾರೂ ಕೇಳುತ್ತಿರಲಿಲ್ಲ. ಸೋಮವಾರ ನಾನು ಕೇಳಿದೆ. ಕ್ಯಾಶಿಯರನೂ ಕ್ಲರ್ಕ್ ದರ್ಜೆಯವನೇ, ನಾನು ಹೋದರೆ ಬಾದಾಮಿಯಲ್ಲಿ ಒಂದು ಹುದ್ದೆ ಖಾಲಿಯಾಗುತ್ತದೆ. ನಿವೃತ್ತಿಯ ಅಂಚಿನಲ್ಲಿರುವವನು ಮನೆ ಹತ್ತಿರದ ಶಾಖೆ ಬಿಟ್ಟು ಹೊರಟರೆ ಅನುಮಾನ ಬಾರದೆ ಇರುತ್ತದೆಯೇ? ಮಧ್ಯಾಹ್ನವೇ ಪ್ರಾದೇಶಿಕ ಕಚೇರಿಯಿಂದ ಮೇಡಂಗೆ ಫೋನ್. ಕಾರಣವನ್ನು ಲಿಖಿತವಾಗಿ ಕೊಡಬೇಕು.

ಕಾಗದ ತೆಗೆದುಕೊಂಡು ಕುಳಿತೆ. ಪೆನ್ನು ರೂಢಿಯಂತೆ ಬಚ್ಚಲಿನ ಕಡೆಗೇ ಹೋಗುತ್ತಿತ್ತು. ಹದಿನೈದು ನಿಮಿಷದ ಕೆಲಸಕ್ಕೆ ಎರಡು ತಾಸು ಹಿಡಿಯಿತು.

“ಮಾನ್ಯರೇ, ಹಿಂದೆ ನಾನು ಬರೆದ ಒಂದು ಪತ್ರದಿಂದಾಗಿ ಈ ಶಾಖೆಯಲ್ಲಿ ಒಂದು ಕುರ್ಚಿ ಕಡಿಮೆ ಬಿದ್ದಿದೆ. ನನ್ನದನ್ನು ಬಿಟ್ಟುಕೊಡುತ್ತಿದ್ದೇನೆ. ನನ್ನ ತಾಯಿ ಬಚ್ಚಲಲ್ಲಿ ಬಿದ್ದಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು.”

ಮೇಡಂ ಓದಿ ಕನ್ನಡಕ ತೆಗೆದರು. “ಇದನ್ನ ಹಿಂಗs ಕಳಸ್ಲೇನ್ರಿ?”

“ಹಿಂಗs ಕಳಸ್ರಿ.”

ಹದಿಮೂರನೆಯ ದಿನ ಎರಡು ಆದೇಶ ಬಂದವು. ನಾಹಿದಾಳದ್ದು ರದ್ದು. ನಾನು ಕುಳಗೇರಿ ಕ್ರಾಸಿಗೆ. ಶಾಖೆಯಲ್ಲಿ ಪೇಢೆ ಹಂಚಿದರು. ನಾಹಿದಾ ನನ್ನ ಕೌಂಟರಿಗೆ ಬಂದಳು, ಕಣ್ಣು ತುಂಬಿದ್ದವು.

“ನನ್ನ ಸಲುವಾಗಿ ಹೊಂಟೀರಿ, ಕಾಕಾ. ನಿಮ್ಮ ಋಣ ಹೆಂಗ ತೀರಿಸ್ಲಿ?”

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ದೇವರಂಥ ಮನುಷ್ಯ ಎನ್ನಿಸಿಕೊಂಡು ಬಸ್ ಹತ್ತುತ್ತಿದ್ದೆ. ಆದರೆ ಅವಳ ಪತ್ರ ಓದಿದ ಮೇಲೆ ನನ್ನ ಹಳೆಯ ಕಸುಬು ಕೆಟ್ಟುಹೋಗಿತ್ತು.

“ಋಣ ಇಲ್ಲವ್ವ. ಹಣಮೇಶನ ಪತ್ರ ಬರದಾಂವ ನಾನs. ಅವರವ್ವ ಬಿದ್ದಿಲ್ಲ. ಮೊದಲ ದಿನಾನs ನನಗ ಗೊತ್ತಿತ್ತು.”

ಅವಳು ಕೈಯಲ್ಲಿದ್ದ ಪೇಢೆಯನ್ನು ನನ್ನ ಮೇಜಿನ ಮೇಲೆ ಇಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು. ತನ್ನ ಜಾಗಕ್ಕೆ ಹೋಗಿ ಗ್ರಾಹಕರ ಪಾಸ್‌ಬುಕ್ ತೆಗೆದುಕೊಂಡಳು.

ಊಟದ ವಿರಾಮವಾಯಿತು. ನಾಹಿದಾ ಡ್ರಾಯರಿಗೆ ಕೀಲಿ ಹಾಕಿದಳು, ಚೀಲ ಹೆಗಲಿಗೆ ಹಾಕಿದಳು, ನನ್ನ ಮುಂದೆಯೇ ಹಾದು ಹೊರಗೆ ಹೋದಳು. ಕೌಂಟರ್ ನೋಡ್ಕೋರಿ ಎಂದು ಹೇಳಲಿಲ್ಲ.

ನಾನು ಎದ್ದು ಹೋಗಿ ನೋಡಿಕೊಂಡೆ.