ಐದು ಅಗುಳು

ಪಂಢರಿನಾಥರಾಯರು ಊಟಕ್ಕೆ ಕೂತರೆಂದರೆ ಮಾಳಮಡ್ಡಿಯ ಆ ಮನೆಯಲ್ಲಿ ಮಾತು ತಾನಾಗಿ ನಿಂತುಬಿಡುತ್ತಿತ್ತು. ಸಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾಗಿದ್ದ ಅವರಿಗೆ ಉಣ್ಣುವಾಗ ಮೌನದ ನೇಮ. ಎಲೆಯ ಸುತ್ತ ನೀರು ಬಿಟ್ಟು, ಅಂಗೈಯ ನೀರು ಕುಡಿದು ಆಪೋಷನ ಮಾಡಿದರೆ ಮುಗಿಯಿತು. ಆಮೇಲೆ ಬೇಕು ಬೇಡ ಎಲ್ಲವೂ ಸನ್ನೆಯಲ್ಲೇ. ಸೊಸೆ ಸುಲಭಾ ಮದುವೆಯಾಗಿ ಬಂದ ಹೊಸದರಲ್ಲಿ ಈ ಸನ್ನೆಗಳು ತಿಳಿಯದೆ ತೊವ್ವೆ ಬೇಕೆಂದಲ್ಲಿ ಮಜ್ಜಿಗೆ ಬಡಿಸಿದ್ದುಂಟು. ಮಾವನವರು ಒಂದು ದಿನವೂ ಹುಬ್ಬು ಗಂಟಿಕ್ಕಲಿಲ್ಲ. ಮಜ್ಜಿಗೆಯನ್ನೇ ಕಲಸಿಕೊಂಡು ಉಂಡಿದ್ದರು.

ಮೂವತ್ತೆಂಟನೆಯ ಇಸವಿಯ ದಸರೆ ಕಳೆದ ಮೇಲೆ ಒಂದು ಹೊಸ ಸನ್ನೆ ಬಂತು. ಅದರ ಅರ್ಥ ಮಾತ್ರ ಯಾರಿಗೂ ಆಗಲಿಲ್ಲ. ಉಣ್ಣುತ್ತಿದ್ದವರು ಒಮ್ಮೆಲೇ ತಡೆದು, ಎಡಗೈಯನ್ನು ಎಡಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಮುಖವೆಲ್ಲ ಬಿಗಿದು, ಕಣ್ಣಂಚಿನಲ್ಲಿ ನೀರು ಜಿನುಗುತ್ತಿತ್ತು. ನೋಡುವವರು ಗಾಬರಿಯಾಗಿ ಎದ್ದೇಳುವಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತಿತ್ತು. ಅವರು ಎಲೆಯ ಮೇಲಿನ ಅನ್ನವನ್ನು ಸ್ವಲ್ಪ ಹೊತ್ತು ನೋಡುತ್ತಿದ್ದರು. ಇನ್ನೊಂದು ತುತ್ತಿಗೆ ಧೈರ್ಯ ಸಾಲದೆ ಏಳುತ್ತಿದ್ದರು.

"ಖಾರ ಹೆಚ್ಚಾಗೇದ," ಎಂದು ಅತ್ತೆ ಗೋದಾಬಾಯಿ ತೀರ್ಮಾನಿಸಿದರು. "ನಿಮ್ಮ ಅಥಣಿ ಕಡೆ ಕೈ ನಮ್ಮ ಮನಿಗೆ ಒಗ್ಗಂಗಿಲ್ಲ, ಸುಲಭಾ."

"ಮೆಣಸಿನಕಾಯಿ ಹಾಕೇ ಇಲ್ಲರೀ ಅತ್ತಿಯವರ. ಬರೇ ಕರಿಮೆಣಸಿನ ಪುಡಿ, ಅದೂ ಚಿಟಿಕಿಯಷ್ಟು."

"ಹಂಗಾದ್ರ ಅವರು ಯಾಕ ಏಳ್ತಾರ?"

ಮರುದಿನದಿಂದ ಗೋದಾಬಾಯಿ ತಾವೇ ಮಡಿಯುಟ್ಟು ಒಲೆಯ ಮುಂದೆ ಕೂತರು. ಸುಲಭಾಳಿಗೆ ಉಳಿದದ್ದು ಬಡಿಸುವ ಕೆಲಸವೊಂದೇ. ಅತ್ತೆಯವರ ಸಪ್ಪನೆಯ ಹೆಸರುಬೇಳೆ ತೊವ್ವೆಗೂ ಮಾವನವರ ಕೈ ಕಿವಿಗೆ ಹೋಯಿತು. ಆಗ ಮನೆಯವರ ಅನುಮಾನ ಹಲ್ಲಿಗೆ ತಿರುಗಿತು. ಸುಲಭಾಳ ಗಂಡ ದತ್ತು ಕಚೇರಿಗೆ ಅರ್ಧ ದಿನ ರಜೆ ಹಾಕಿ ತಂದೆಯನ್ನು ಹಲ್ಲಿನವನ ಹತ್ತಿರ ಕರೆದುಕೊಂಡು ಹೋದ. ಎಡಗಡೆಯ ದವಡೆ ಹಲ್ಲೊಂದು ಹೋಯಿತು, ಆಮೇಲೆ ಅದರ ಮಗ್ಗುಲಿನದೂ ಹೋಯಿತು. ನೋವು ಹೋಗಲಿಲ್ಲ. ವೈದ್ಯರು ಬೆಳ್ಳುಳ್ಳಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಡಿಸಿದರು. ಮನೆಯೆಲ್ಲ ಬೆಳ್ಳುಳ್ಳಿ ನಾರಿತು, ಅಷ್ಟೇ.

ರಾಯರು ಇಳಿದುಹೋದರು. ಸಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಕೋಟು ಈಗ ಗೂಟಕ್ಕೆ ತೂಗುಹಾಕಿದಂತೆ ಅವರ ಹೆಗಲಿನಿಂದ ಜೋಲುತ್ತಿತ್ತು. ಮಾತೂ ಕಡಿಮೆಯಾಯಿತು, ಮಾತಾಡುವಾಗಲೂ ಒಮ್ಮೊಮ್ಮೆ ಚುಚ್ಚುತ್ತಿತ್ತಂತೆ. ಹೀಗಿದ್ದರೂ ಒಂದು ಸಂಜೆ ಅವರು ಹೆಂಡತಿಯನ್ನು ಕರೆದು, ಸುಲಭಾಳಿಗೂ ಕೇಳುವಂತೆ ಹೇಳಿದರು: "ಸುಲಭಾನ ಅಡಿಗಿ ಮ್ಯಾಲೆ ತಪ್ಪು ಹಾಕಬ್ಯಾಡ. ಗಂಟಲದಾಗಿಂದ ಕಿವಿಯೊಳಗ ಯಾರೋ ದಬ್ಬಣ ಹಾಯಿಸಿಧಂಗ ಆಗ್ತದ. ಯಾರ ಕೈಯಾಗಿಂದು ಉಂಡರೂ ಅಷ್ಟ."

ಅಷ್ಟು ಹೇಳುವುದರೊಳಗೆ ಕೈ ಕಿವಿಗೆ ಹೋಗಿತ್ತು. ಅಷ್ಟು ನೋವನ್ನು ನುಂಗಿ ತನಗಾಗಿ ಆಡಿದ ಮಾತು ಅದು ಎಂದು ಸುಲಭಾಳಿಗೆ ತಿಳಿಯಿತು. ಅಂದಿನಿಂದ ಅವಳು ಬಡಿಸುವಾಗ ಎಲೆಯನ್ನು ನೋಡುವುದು ಬಿಟ್ಟು ಅವರ ಮುಖವನ್ನೇ ನೋಡತೊಡಗಿದಳು.

ಆಪೋಷನದ ಮೇಲೆ ಐದು ಪ್ರಾಣಾಹುತಿ. ತುಪ್ಪ ಹಚ್ಚಿದ ಅನ್ನದ ಅಗುಳನ್ನು ಬೆರಳ ತುದಿಯಲ್ಲಿ ಹಿಡಿದು, ಹಲ್ಲಿಗೆ ತಾಗಿಸದೆ, ಅಗಿಯದೆ ಹಾಗೇ ನುಂಗಬೇಕು. ಆ ಹೊತ್ತಿನಲ್ಲಿ ಎಡಗೈ ಎಲೆಯ ಅಂಚನ್ನು ಬಿಡಬಾರದು. ಮೊದಲನೆಯ ಅಗುಳು ಇಳಿಯಿತೋ ಇಲ್ಲವೋ, ರಾಯರ ಎಡಗೈ ಎಲೆ ಬಿಟ್ಟು ಕಿವಿಗೆ ಹಾರಿದ್ದನ್ನು ಸುಲಭಾ ಕಂಡಳು. ಮರುದಿನವೂ ಹಾಗೇ. ಇನ್ನೊಂದು ಮಧ್ಯಾಹ್ನ ಪತ್ರಿಕೆ ಓದುತ್ತ ಕೂತವರಿಗೆ ಆಕಳಿಕೆ ಬಂತು. ಬಾಯಿ ತೆರೆದಂತೆಯೇ ಪತ್ರಿಕೆ ಜಾರಿ ಬಿತ್ತು, ಕೈ ಕಿವಿಯ ಮೇಲಿತ್ತು.

"ಅತ್ತಿಯವರ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದಳು ಅಡಿಗೆಮನೆಯ ಬಾಗಿಲಲ್ಲಿ ನಿಂತು. "ಪ್ರಾಣಾಹುತಿಗೆ ಹಲ್ಲು ತಾಗೂದಿಲ್ಲಲ್ಲರೀ. ಅನ್ನ ತುಪ್ಪದಾಗ ಖಾರ ಇಲ್ಲ. ಆಕಳಿಸೋವಾಗ ಬಾಯಾಗ ಏನೂ ಇರಂಗಿಲ್ಲ. ಆದ್ರೂ ಅದೇ ನೋವು ಬರ್ತದ."

ಗೋದಾಬಾಯಿ ಸೌಟು ಕೆಳಗಿಟ್ಟರು. ಸೊಸೆ ಗಂಡಸರ ಆಹುತಿಯನ್ನು ಎಣಿಸುತ್ತ ನಿಲ್ಲುತ್ತಾಳೆಂದು ಬೈಯಬೇಕೆನಿಸಿರಬೇಕು. ಬೈಯಲಿಲ್ಲ. ಮರುದಿನ ತಾವೇ ಕಂಬದ ಮರೆಯಲ್ಲಿ ನಿಂತು ನೋಡಿದರು. ಒಳಗೆ ಬಂದಾಗ ಅವರ ಕಣ್ಣು ತೇವವಾಗಿತ್ತು.

"ಸುಮ್ಮಸುಮ್ಮನ ಹಲ್ಲು ಕೀಳಿಸಿದ್ವಿ," ಎಂದರು. "ದತ್ತೂಗ ಹೇಳು. ಹುಬ್ಬಳ್ಳಿಯೊಳಗ ಕಿವಿ-ಗಂಟಲಿನ ಡಾಕ್ಟರ ಒಬ್ಬರು ಬಂದಾರಂತಲ್ಲ."

ಮುಂಬಯಿಯಲ್ಲಿ ಕಲಿತು ಬಂದಿದ್ದ ಡಾಕ್ಟರ್ ಕುಬೇರಪ್ಪನವರು ದುರ್ಗದ ಬೈಲಿನ ಹತ್ತಿರ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ದತ್ತುವಿಗೆ ಮತ್ತೆ ರಜೆ ಸಿಗಲಿಲ್ಲ. ಬೆಳಗಿನ ರೈಲಿಗೆ ಅತ್ತೆ ಸೊಸೆ ಇಬ್ಬರೇ ರಾಯರನ್ನು ಕರೆದುಕೊಂಡು ಹೊರಟರು. ಹುಬ್ಬಳ್ಳಿಯ ಇನ್ನೊಂದು ತುದಿಯಲ್ಲಿ ಗೋದಾಬಾಯಿಯ ತಮ್ಮನ ಮನೆ. ಅಲ್ಲಿ ಮಾವನವರು ಸ್ನಾನ ಮಾಡಿ ಏನಾದರೂ ತಿಂದರೆ ತಿನ್ನಲಿ ಎಂದು ಸುಲಭಾ ಮೊಸರವಲಕ್ಕಿ ಕಲಸಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ರಾಯರು ಈ ವಯಸ್ಸಿನವರೆಗೆ ತಮ್ಮವರ ಮನೆ ಬಿಟ್ಟು ಬೇರೆಲ್ಲೂ ಒಂದು ಗುಟುಕು ನೀರು ಕುಡಿದವರಲ್ಲ.

ಡಾಕ್ಟರರು ಹಣೆಗೆ ಕನ್ನಡಿ ಕಟ್ಟಿಕೊಂಡು ಕಿವಿ ನೋಡಿದರು, ಗಂಟಲು ನೋಡಿದರು. "ಕಿವಿ ಸ್ವಚ್ಛ ಐತ್ರಿ ಸರ. ಗಂಟಲದಾಗೂ ಹುಣ್ಣಿಲ್ಲ, ಗಂಟಿಲ್ಲ," ಎಂದರು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯನ್ನು ಗಂಟಲೊಳಗೆ ಎಡಗಡೆಗೆ ಒಯ್ದು ಮೆಲ್ಲಗೆ ಮುಟ್ಟಿಸಿದರು. ರಾಯರು ಕುರ್ಚಿಯಲ್ಲೇ ಎಗರಿ ಕಿವಿ ಹಿಡಿದುಕೊಂಡರು. ಡಾಕ್ಟರರು ಕಡ್ಡಿ ಬಿಟ್ಟು ಅವರ ಭುಜ ಹಿಡಿದು, ನೋವು ಇಳಿಯುವವರೆಗೂ ಹಾಗೇ ನಿಂತರು.

"ತಪ್ಪಾತ್ರಿ ಸರ, ನೋಯಿಸಿದೆ. ಇದರ ಜಾಗ ಹುಡುಕಬೇಕಾಗಿತ್ತು. ನುಂಗಿದ್ರ ಬರತೈತಿ, ಆಕಳಿಸಿದ್ರ ಬರತೈತಿ, ಹೌದಲ್ಲರೀ?"

"ಹಲ್ಲಿಗೆ ತಾಗದ ಅಗುಳು ನುಂಗಿದ್ರೂ ಬರ್ತದ್ರಿ," ಎಂದು ಗೋದಾಬಾಯಿ ನಡುವೆ ಬಾಯಿ ಹಾಕಿದರು. "ನಮ್ಮ ಸೊಸಿ ನೋಡ್ಯಾಳ."

ಸುಲಭಾ ತಲೆ ತಗ್ಗಿಸಿದಳು. ಡಾಕ್ಟರರು ಪ್ರಾಣಾಹುತಿಯ ವಿಷಯವನ್ನೆಲ್ಲ ಕೇಳಿಕೊಂಡರು. "ಬಾಳ ಛಲೋ ಮಾಡಿದ್ರಿ ತಂಗಿ. ಇನ್ನೊಂದು ಪರೀಕ್ಷಾ ಉಳಿದೈತಿ."

ಅವರು ಸಣ್ಣ ಬಾಟಲಿಯಿಂದ, ಹಚ್ಚಿದ ಜಾಗವನ್ನು ಮರಗಟ್ಟಿಸುವ ಕೊಕೇನಿನ ದ್ರಾವಣವನ್ನು ಹತ್ತಿಗೆ ಹಾಕಿ, ಅದೇ ಜಾಗಕ್ಕೆ, ಅದರ ಸುತ್ತಲೂ ಸವರಿದರು. ರಾಯರು ಮತ್ತೊಮ್ಮೆ ಕಿವಿ ಹಿಡಿದರು. ಆಮೇಲೆ ಎಲ್ಲರೂ ಕಾಯುತ್ತ ಕೂತರು. ಒಳಗಿನಿಂದ ಡಾಕ್ಟರರ ತಾಯಿ ಗೌರಕ್ಕ ಬಂದು ಬಾಗಿಲಿಗೆ ಒರಗಿ ನಿಂತರು.

"ಹ್ಯಾಂಗ ಅನಸ್ತೈತ್ರಿ?"

"ಆ ಕಡೆ ಜೋಮು ಹಿಡಿಧಂಗ ಆಗೇದ."

"ಹಂಗಾದ್ರ ಒಂದ್ಸಲ ಆಕಳಿಸ್ರಿ."

"ಬಾ ಅಂದ್ರ ಬರ್ತದೇನ್ರಿ ಆಕಳಿಕಿ?" ಎಂದರು ರಾಯರು.

ಡಾಕ್ಟರರು ತಾವೇ ಬಾಯಿ ಅಗಲಿಸಿ ಆಕಳಿಸುವ ನಟನೆ ಮಾಡಿದರು. ಬಾಗಿಲಲ್ಲಿದ್ದ ಗೌರಕ್ಕನಿಗೆ ಖರೇ ಆಕಳಿಕೆ ಬಂತು, ಅವರನ್ನು ನೋಡಿ ಗೋದಾಬಾಯಿಗೆ ಬಂತು, ಕೊನೆಗೆ ರಾಯರಿಗೂ ಬಂತು. ಗೋದಾಬಾಯಿ ಗಂಡನ ಕೈಯನ್ನೇ ನೋಡಿದರು. ಕೈ ಮೊಣಕಾಲಿನ ಮೇಲೆ ಹಾಗೇ ಇತ್ತು. ರಾಯರು ಬಾಯಿ ಮುಚ್ಚಿ, ಏನೋ ಕಳೆದುಕೊಂಡವರಂತೆ ಕಿವಿಯನ್ನು ಮುಟ್ಟಿ ನೋಡಿಕೊಂಡರು.

"ಗಂಟಲ, ನಾಲಿಗಿ ಬುಡ, ಕಿವಿ ಒಳಗ, ಇವಕ್ಕೆಲ್ಲ ಹೋಗೂದು ಒಂದ ನರ," ಎಂದರು ಡಾಕ್ಟರರು. "ಅದು ಕೆರಳೈತಿ. ಯಾಕ ಕೆರಳತೈತಿ ಅನ್ನೂದು ನಮಗೂ ಪೂರಾ ತಿಳಿದಿಲ್ಲ. ಗಂಟಲದಾಗ ಮುಟ್ಟಿದ್ದು ಕಿವಿಯಾಗ ಚುಚ್ಚತೈತಿ. ಹಲ್ಲಿಂದಾಗಲಿ ಅಡಿಗಿದಾಗಲಿ ಏನೂ ತಪ್ಪಿಲ್ಲ."

"ಗುಣ ಆಗ್ತದೇನ್ರಿ?" ಎಂದರು ರಾಯರು.

"ಒಮ್ಮೊಮ್ಮೆ ತಾನಾಗಿ ಮಲಗಿಬಿಡತೈತಿ, ತಿಂಗಳುಗಟ್ಟಲೆ ಬರೂದಿಲ್ಲ. ಮತ್ತ ಏಳಬಹುದು. ಮುಂಬಯಿಯೊಳಗ ನಮ್ಮ ಗುರುಗಳದಾರ, ಅವರು ಕುತ್ತಿಗಿಯೊಳಗ ಆ ನರ ಕಡೀತಾರ. ಆಮ್ಯಾಲೆ ಆ ಬದಿ ಗಂಟಲ ಜೋಮು ಉಳೀತೈತಿ, ನಾಲಿಗಿ ಹಿಂದಿನ ರುಚಿನೂ ಆ ಬದಿ ಹೋಗತೈತಿ. ಆಪರೇಶನ್ ಅಂದ್ರ ಅಪಾಯ ಇಲ್ಲಂತ ಹೇಳಂಗಿಲ್ರಿ. ಆದ್ರ ಹಿಂಗ ಉಪವಾಸ ಇರೂದೂ ಅಪಾಯನ."

"ಈ ಔಷಧಾನೇ ದಿನಾ ಹಚ್ಚಿದ್ರ?" ಗೋದಾಬಾಯಿ ಕೇಳಿದರು.

"ಬ್ಯಾಡ್ರಿ ತಾಯಿ, ಇದು ಚಟ ಹಿಡಸತೈತಿ. ಈಗಿಂದೂ ತಾಸು ಹೊತ್ತು ಇದ್ದರ ಹೆಚ್ಚು. ಅಷ್ಟರೊಳಗ ಏನರ ಮೆತ್ತಂದು ಊಟ ಮಾಡಸ್ರಿ. ಒಂದ ಬದಿ ಜೋಮಿರತೈತಿ, ನೆಟ್ಟಗ ಕೂತು ಸಾವಕಾಶ ನುಂಗಬೇಕು."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಟಾಂಗಾ ಹಿಡಿದು ತಮ್ಮನ ಮನೆ ಮುಟ್ಟಿ, ನೀರು ಕಾಯಿಸಿ, ಸ್ನಾನ ಮುಗಿಸುವಷ್ಟರಲ್ಲಿ ದಬ್ಬಣ ಮರಳಿ ಬಂದಿರುತ್ತಿತ್ತು.

ಗೌರಕ್ಕನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. "ಹಿತ್ತಲ ಪಡಸಾಲಿ ಈಗಷ್ಟ ಸಾರಿಸೇನಿ, ಯಾರೂ ತುಳಿದಿಲ್ಲ," ಎಂದರು. "ಬಾಳಿ ಗಿಡ ಅಲ್ಲೇ ಐತಿ, ಎಲಿ ನೀವ ಕೊಯ್ಕೋರಿ. ಬಾವಿಗೆ ಹಗ್ಗ ಐತಿ, ಕೊಡಾನೂ ಬೆಳಗಿಟ್ಟೇನಿ. ನಿಮ್ಮ ಸೊಸಿ ಸೇದಲಿ ಬೇಕಾದ್ರ, ನಾ ಮುಟ್ಟಂಗಿಲ್ಲ." ಆ ಮಾತಿನಲ್ಲಿ ಕೊಂಕಿರಲಿಲ್ಲ. ಬಂದವರ ನೇಮ ಬಂದವರಿಗೆ ಎಂಬಷ್ಟೇ ಸಹಜವಾಗಿ ಹೇಳಿದ್ದರು.

ಗೋದಾಬಾಯಿ ಗಂಡನ ಕಡೆಗೆ ತಿರುಗಿದರು. ರಾಯರು ಒಂದು ಗಳಿಗೆ ನೆಲ ನೋಡಿದರು. ಆಮೇಲೆ ಎದ್ದು, ಕೋಟು ಬಿಚ್ಚಿ ಸೊಸೆಯ ಕೈಗೆ ಕೊಟ್ಟು, ಹಿತ್ತಲಿಗೆ ನಡೆದರು.

ಎಲೆ ಹಾಕಿದ್ದಾಯಿತು. ಸುಲಭಾ ಕೊಡ ಎತ್ತಿಕೊಂಡಳು. ರಾಯರು ಅವಳನ್ನು ಕೈಸನ್ನೆಯಿಂದ ತಡೆದು, ದೂರ ನಿಂತಿದ್ದ ಗೌರಕ್ಕನಿಗೆ ಹೇಳಿದರು: "ನೀವೇ ಸೇದಿ ಹಾಕ್ರಿ ತಾಯಿ. ನಿಮ್ಮ ಮನೀ ನೀರು."

ಗೌರಕ್ಕ ನೀರು ಸೇದಿ ತಂದು ತಂಬಿಗೆಗೆ ಸುರಿದರು. ಗೋದಾಬಾಯಿ ಮೊಸರವಲಕ್ಕಿಯ ಪಾತ್ರೆಯ ಬಟ್ಟೆ ಬಿಚ್ಚಿದರು. ಬಡಿಸಹೋದವರು ತಡೆದು, ಪಾತ್ರೆಯನ್ನು ಸೊಸೆಯ ಕೈಗಿತ್ತರು.

"ನೀನೇ ಬಡಸು. ನೀ ಕಲಸಿದ್ದು."

ರಾಯರು ಅಂಗೈಗೆ ನೀರು ತೆಗೆದುಕೊಂಡದ್ದನ್ನು ನೋಡಿ ಗೋದಾಬಾಯಿ ಮೆಲ್ಲಗೆ ಅಂದರು, "ಅವಲಕ್ಕಿಗೆ ಆಪೋಷನ ಬೇಕಾಗಿಲ್ಲರೀ. ಹಾಂಗೇ ತಿನ್ರಿ."

"ಗೊತ್ತದ," ಎಂದರು ರಾಯರು. "ಆದ್ರ ಆ ಐದಕ್ಕ ನಾ ಬಾಳ ಅಂಜಿದ್ದೆ."

ನೀರು ಇಳಿಯಿತು. ಎಡಗೈ ಎಲೆಯ ಅಂಚಿನ ಮೇಲೆ ಕೂತಿತು. ಮೊದಲನೆಯ ಚಿಟಿಕೆ ಅವಲಕ್ಕಿ ಹೋಯಿತು, ಎರಡನೆಯದು ಹೋಯಿತು. ಸುಲಭಾ ಅವರ ಮುಖ ನೋಡಲಾರದೆ ಆ ಕೈಯನ್ನೇ ನೋಡುತ್ತಿದ್ದಳು. ಐದೂ ಮುಗಿದರೂ ಕೈ ಎಲೆಯನ್ನು ಬಿಡಲಿಲ್ಲ.

ಆಮೇಲೆ ಅವರು ಉಂಡರು. ಡಾಕ್ಟರರು ಹೇಳಿದಂತೆ ನೆಟ್ಟಗೆ ಕೂತು, ಸಾವಕಾಶವಾಗಿ, ಮೊಸರಿನ ಒಂದು ಹನಿಯೂ ಉಳಿಯದಂತೆ ಉಂಡರು. ಗೋದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಗೌರಕ್ಕನನ್ನು ಪಿಸುಮಾತಿನಲ್ಲಿ ಕೇಳಿದರು, "ಮುಂಬಯಿಗೆ ಹ್ವಾದ್ರ ಇಳ್ಕೊಳ್ಳಿಕ್ಕೆ ಜಾಗ ಎಲ್ಲಿ ಸಿಗ್ತದ್ರಿ?"

ಎಲೆ ಬರಿದಾಯಿತು. ಸುಲಭಾ ರೂಢಿಯಂತೆ ಸನ್ನೆಗೆ ಕಾದಳು. ರಾಯರು ಸನ್ನೆ ಮಾಡಲಿಲ್ಲ. ಎಷ್ಟೋ ವರ್ಷದ ಮೌನ ಬಿಟ್ಟು ತಲೆಯೆತ್ತಿ ಅಂದರು:

"ಇನ್ನೊಂದೀಟು ಹಾಕವಾ. ಹೊತ್ತು ಇನ್ನೂ ಅದ."